ನಲವತ್ತೊಂದು ನಮೂದುಗಳ ರಿಜಿಸ್ಟರ್: ಉಡುಗೊರೆ, ಆತಿಥ್ಯ ಮತ್ತು ಹಿತಾಸಕ್ತಿ ಘೋಷಣೆಗಳ ಆಂತರಿಕ ಪರಿಶೋಧನೆಯ ಒಂದು ಪ್ರಕರಣ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ 2024ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ನಾನು ಮತ್ತು ನನ್ನ ಇಬ್ಬರು ಸಹೋದ್ಯೋಗಿಗಳು ಐದು ವಾರ ನಡೆಸಿದ ಆಂತರಿಕ ಪರಿಶೋಧನೆಯ ವಿವರ ಇದು. ಕಂಪನಿಯ ಹೆಸರನ್ನೂ ವ್ಯಕ್ತಿಗಳ ಗುರುತನ್ನೂ ಬಿಟ್ಟಿದ್ದೇನೆ. ಪಂಪುಗಳ ನಿಯಂತ್ರಣ ಪ್ಯಾನೆಲ್‌ಗಳನ್ನು ತಯಾರಿಸುವ ಆ ಕಂಪನಿಯಲ್ಲಿ 640 ಮಂದಿ ನೌಕರರಿದ್ದಾರೆ. ತಯಾರಾದ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸರ್ಕಾರಿ ಸ್ವಾಮ್ಯದ ವಿದ್ಯುತ್ ಮತ್ತು ನೀರು ಸರಬರಾಜು ಸಂಸ್ಥೆಗಳಿಗೆ ಹೋಗುತ್ತದೆ. ಯುರೋಪಿನ ಒಬ್ಬ ಗ್ರಾಹಕರು ಒಪ್ಪಂದದ ಷರತ್ತಾಗಿ ಕೇಳಿದ್ದರಿಂದ ಕಂಪನಿಯು 2019ರಲ್ಲಿ ಲಂಚ ತಡೆ ನೀತಿಯೊಂದನ್ನು ಅಂಗೀಕರಿಸಿತ್ತು. ಅದರ ಜಾರಿಯನ್ನು ಯಾರೂ ಅಲ್ಲಿಯವರೆಗೆ ಪರಿಶೀಲಿಸಿರಲಿಲ್ಲ.

ನೀತಿಯ ನಿಯಮಗಳು ಸರಳವಾಗಿದ್ದವು. ಒಬ್ಬ ವ್ಯಕ್ತಿಗೆ ಒಂದು ಸಂದರ್ಭದಲ್ಲಿ ಕೊಡುವ ಅಥವಾ ಒಬ್ಬರಿಂದ ಪಡೆಯುವ ಉಡುಗೊರೆಯ ಬೆಲೆ 2,000 ರೂಪಾಯಿ ಮೀರಬಾರದು. ಊಟದ ಆತಿಥ್ಯ ತಲೆಗೆ 1,500 ರೂಪಾಯಿಯೊಳಗಿರಬೇಕು. ನಗದು, ಗಿಫ್ಟ್ ವೋಚರ್, ಚಿನ್ನ ಅಥವಾ ಬೆಳ್ಳಿ ನಾಣ್ಯ ಎಷ್ಟೇ ಸಣ್ಣದಾದರೂ ನಿಷಿದ್ಧ. ಸಾರ್ವಜನಿಕ ನೌಕರರಿಗೆ ಚಹಾ, ತಿಂಡಿ, ಡೈರಿ, ಕ್ಯಾಲೆಂಡರ್ ಬಿಟ್ಟು ಬೇರೇನನ್ನು ಕೊಡಬೇಕಾದರೂ ನೀತಿ-ನಿಯಮಗಳ ಪಾಲನೆಯನ್ನು ನೋಡಿಕೊಳ್ಳುವ ಕಂಪ್ಲಯನ್ಸ್ ಅಧಿಕಾರಿಯ ಲಿಖಿತ ಅನುಮತಿಯನ್ನು ಮೊದಲೇ ಪಡೆಯಬೇಕು. ಕೊಟ್ಟದ್ದನ್ನೂ ಪಡೆದದ್ದನ್ನೂ ಏಳು ದಿನಗಳೊಳಗೆ ಉಡುಗೊರೆ ರಿಜಿಸ್ಟರಿನಲ್ಲಿ ಬರೆಯಬೇಕು. ಇದಲ್ಲದೆ ಖರೀದಿ, ಉಗ್ರಾಣ, ಗುಣಮಟ್ಟ, ಹಣಕಾಸು ಮತ್ತು ಮಾರಾಟ ವಿಭಾಗದವರೂ ವ್ಯವಸ್ಥಾಪಕ ಹಾಗೂ ಅದಕ್ಕಿಂತ ಮೇಲಿನ ಹುದ್ದೆಯಲ್ಲಿರುವವರೂ ಪ್ರತಿ ಏಪ್ರಿಲ್‌ನಲ್ಲಿ ಸರಬರಾಜುದಾರರಲ್ಲಿ ತಮಗೆ ಪಾಲು ಅಥವಾ ಸಂಬಂಧ ಇದೆಯೇ ಎಂದು ತಿಳಿಸುವ ಹಿತಾಸಕ್ತಿ ಘೋಷಣೆಯನ್ನು ಸಲ್ಲಿಸಬೇಕು.

ನಾವು ಮೊದಲು ಕೇಳಿದ್ದು 2023–24ರ ರಿಜಿಸ್ಟರನ್ನು. ವರ್ಷವಿಡೀ ಅದರಲ್ಲಿದ್ದದ್ದು 41 ನಮೂದುಗಳು. ಒಂದೂ 2,000 ರೂಪಾಯಿ ದಾಟಿರಲಿಲ್ಲ, ಆದರೆ 19 ನಮೂದುಗಳು 1,800ರಿಂದ 2,000ದ ನಡುವೆ ನಿಂತಿದ್ದವು. ನಿರಾಕರಿಸಿದ ಅಥವಾ ಹಿಂದಿರುಗಿಸಿದ ಉಡುಗೊರೆ ಒಂದೂ ಇರಲಿಲ್ಲ. ಘೋಷಣೆಗಳ ಕಡತ ಇನ್ನೂ ಅಚ್ಚುಕಟ್ಟಾಗಿತ್ತು: ಕೊಡಬೇಕಾದವರು 212, ಕೊಟ್ಟವರು 212, ಅವರಲ್ಲಿ ‘ಇಲ್ಲ’ ಎಂದು ಬರೆದವರು 209. ಕಂಪ್ಲಯನ್ಸ್ ಅಧಿಕಾರಿ ಇದನ್ನು ನೂರಕ್ಕೆ ನೂರು ಅನುಸರಣೆ ಎಂದು ಆಡಳಿತ ಮಂಡಳಿಗೆ ಪ್ರತಿ ತ್ರೈಮಾಸಿಕದಲ್ಲೂ ವರದಿ ಮಾಡುತ್ತಿದ್ದರು. ಅವರದು ಅಪ್ರಾಮಾಣಿಕತೆಯಾಗಿರಲಿಲ್ಲ. ಫಾರಂ ಬಂದಿದೆಯೇ ಎಂಬುದನ್ನು ನೋಡುವುದೇ ತಮ್ಮ ಕೆಲಸವೆಂದು ಅವರು ತಿಳಿದಿದ್ದರು, ಮತ್ತು ಯಾರೂ ಅವರಿಗೆ ಬೇರೆ ರೀತಿ ಹೇಳಿರಲಿಲ್ಲ.

ಪರೀಕ್ಷೆಯ ದಿಕ್ಕು

ಇಂಥ ಪರಿಶೋಧನೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ರಿಜಿಸ್ಟರಿನಿಂದ ಹೊರಡುವುದು. 41 ನಮೂದುಗಳಲ್ಲಿ 15ನ್ನು ಆರಿಸಿ, ಬಿಲ್ಲು ಇದೆಯೇ, ಅನುಮತಿ ಇದೆಯೇ, ಬೆಲೆ ಸರಿಯೇ ಎಂದು ನೋಡಿದರೆ ಬರೆದದ್ದು ಸರಿ ಇದೆ ಎಂಬುದು ತಿಳಿಯುತ್ತದೆಯೇ ಹೊರತು ಬರೆಯದೇ ಬಿಟ್ಟದ್ದು ಏನೆಂದು ಎಂದಿಗೂ ತಿಳಿಯುವುದಿಲ್ಲ. ಮುಚ್ಚಿಡಬೇಕೆಂದಿರುವವನು ರಿಜಿಸ್ಟರಿನಲ್ಲಿ ತಪ್ಪು ಬರೆಯುವುದಿಲ್ಲ, ಬರೆಯುವುದನ್ನೇ ಬಿಡುತ್ತಾನೆ. ಹಾಗಾಗಿ ಹೊರಡಬೇಕಾದದ್ದು ಬೇರೆ ಉದ್ದೇಶಕ್ಕಾಗಿ ಬರೆದ ಪುಸ್ತಕಗಳಿಂದ: ಖರ್ಚಿನ ಲೆಡ್ಜರ್, ತೆರಿಗೆ ಲೆಕ್ಕ, ಕೊರಿಯರ್ ಡಾಕೆಟ್, ಗೇಟಿನ ಪುಸ್ತಕ. ಅವುಗಳನ್ನು ಬರೆದವರಿಗೆ ಉಡುಗೊರೆ ನೀತಿಯ ನೆನಪೂ ಇರುವುದಿಲ್ಲ. ಅವರು ತಮ್ಮ ಕೆಲಸಕ್ಕೆ ಬೇಕಾದದ್ದನ್ನು ಬರೆದಿರುತ್ತಾರೆ, ಆದ್ದರಿಂದಲೇ ಆ ಬರಹಕ್ಕೆ ತೂಕವಿದೆ. ಅಲ್ಲಿ ಸಿಕ್ಕಿದ್ದನ್ನು ಹಿಡಿದು ರಿಜಿಸ್ಟರಿಗೆ ಬರಬೇಕು.

ನಾವು ನಾಲ್ಕು ಲೆಡ್ಜರ್‌ಗಳನ್ನು ತೆಗೆದುಕೊಂಡೆವು. ಅವು ವ್ಯವಹಾರ ಪ್ರಚಾರ, ಸಿಬ್ಬಂದಿ ಕಲ್ಯಾಣ, ಹಬ್ಬದ ಖರ್ಚು ಮತ್ತು ಪ್ರಯಾಣ. ‘ವ್ಯವಹಾರ ಪ್ರಚಾರ’ದಲ್ಲಿ ಆಕ್ಷೇಪಿಸುವಂಥದ್ದೇನೂ ಸಿಗಲಿಲ್ಲ. ‘ಸಿಬ್ಬಂದಿ ಕಲ್ಯಾಣ’ದಲ್ಲಿ 2023ರ ಅಕ್ಟೋಬರ್ ಕೊನೆಯ ಒಂದು ಬಿಲ್ಲು ಇತ್ತು: ದೀಪಾವಳಿಗೆ ಒಣಹಣ್ಣಿನ ಡಬ್ಬಿಗಳು, 900, ಒಂದಕ್ಕೆ ತೆರಿಗೆ ಬಿಟ್ಟು 1,350 ರೂಪಾಯಿ. ನೌಕರರು 640 ಮಂದಿ. ಮಾನವ ಸಂಪನ್ಮೂಲ ವಿಭಾಗದ ಹಂಚಿಕೆ ಪಟ್ಟಿಯಲ್ಲಿ 640 ಸಹಿಗಳೂ ಇದ್ದವು. ಉಳಿದ 260 ಡಬ್ಬಿಗಳು ಎಲ್ಲಿ ಹೋದವು ಎಂದು ಕೇಳಿದಾಗ ಮೊದಲ ಉತ್ತರ ‘ಗುತ್ತಿಗೆ ಕಾರ್ಮಿಕರಿಗೆ’ ಎಂದು ಬಂತು. ಗುತ್ತಿಗೆ ಕಾರ್ಮಿಕರಿಗೆ ಸ್ವೀಟ್ ಬಾಕ್ಸ್ ಕೊಟ್ಟ ಬಿಲ್ಲು ಬೇರೆಯೇ ಇದ್ದದ್ದರಿಂದ ಆ ಉತ್ತರ ಅರ್ಧ ಗಂಟೆಯೂ ನಿಲ್ಲಲಿಲ್ಲ.

ಸರಿಯಾದ ಉತ್ತರವನ್ನು ಜಿಎಸ್‌ಟಿ ಕೆಲಸ ನೋಡುವ ಗುಮಾಸ್ತರು ಎಂಟು ತಿಂಗಳ ಹಿಂದೆಯೇ ಬರೆದಿಟ್ಟಿದ್ದರು. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನ ಪ್ರಕಾರ, ಉಡುಗೊರೆಯಾಗಿ ವಿಲೇವಾರಿ ಮಾಡಿದ ಸರಕಿನ ಮೇಲೆ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯವಾದ ಇನ್‌ಪುಟ್ ಕ್ರೆಡಿಟ್ ಪಡೆಯುವಂತಿಲ್ಲ. ಕ್ರೆಡಿಟ್ ಹಿಂದಿರುಗಿಸುವ ತಿಂಗಳ ಲೆಕ್ಕದ ಹಾಳೆಯಲ್ಲಿ ಅವರು ಆ ಬಿಲ್ಲನ್ನು ಎರಡು ಸಾಲಾಗಿ ಒಡೆದಿದ್ದರು. ಒಂದರಲ್ಲಿ ‘ಸಿಬ್ಬಂದಿ 640’, ಇನ್ನೊಂದರಲ್ಲಿ ‘ಪಾರ್ಟಿ ಗಿಫ್ಟ್ 260’. ತೆರಿಗೆ ಇಲಾಖೆಗಾಗಿ ಸತ್ಯವನ್ನು ಬರೆದಿದ್ದ ಕಂಪನಿ ತನ್ನದೇ ಉಡುಗೊರೆ ರಿಜಿಸ್ಟರಿನಲ್ಲಿ ಒಂದಕ್ಷರವನ್ನೂ ಬರೆದಿರಲಿಲ್ಲ. ಅಂದಿನಿಂದ ಈ ಬಗೆಯ ಪ್ರತಿ ಪರಿಶೋಧನೆಯಲ್ಲೂ ನಾನು ಮೊದಲು ತೆರೆಯುವುದು ಈ ಕ್ರೆಡಿಟ್ ಹಿಂದಿರುಗಿಸುವ ಹಾಳೆಯನ್ನೇ.

ಡಬ್ಬಿಗಳ ದಾರಿ

ರವಾನೆ ವಿಭಾಗದ ಕೊರಿಯರ್ ಪುಸ್ತಕದಲ್ಲಿ ನವೆಂಬರ್ 2ರಿಂದ 10ರವರೆಗೆ 148 ಡಾಕೆಟ್‌ಗಳು ಸಿಕ್ಕವು. ಕಂಪನಿಯ ಎರಡು ವಾಹನಗಳ ಟ್ರಿಪ್ ಶೀಟ್‌ಗಳಲ್ಲಿ ಕೈಯಾರೆ ತಲುಪಿಸಿದ 112 ಡಬ್ಬಿಗಳ ಲೆಕ್ಕವಿತ್ತು. ಅಲ್ಲಿಗೆ 260 ಸರಿಹೊಂದಿತು. ಟ್ರಿಪ್ ಶೀಟ್‌ಗಳಿಂದ ಮುಂದೆ ಹೋಗಲಾಗಲಿಲ್ಲ. ಚಾಲಕರು ಬಡಾವಣೆಯ ಹೆಸರು ಮತ್ತು ಡಬ್ಬಿಗಳ ಸಂಖ್ಯೆಯನ್ನಷ್ಟೇ ಬರೆದಿದ್ದರು, ಜೊತೆಯಲ್ಲಿ ಹೋದ ಮಾರಾಟ ಸಿಬ್ಬಂದಿ ‘ನೆನಪಿಲ್ಲ’ ಎಂದರು. ಡಾಕೆಟ್‌ಗಳಲ್ಲಿ 117 ಸಂಸ್ಥೆಗಳ ವಿಳಾಸಕ್ಕಿದ್ದವು, ಅವುಗಳಲ್ಲಿ ಬಹುಪಾಲು ಖಾಸಗಿ ಗ್ರಾಹಕರು. ಉಳಿದ 31ರಲ್ಲಿ ಮನೆಯ ವಿಳಾಸವಿತ್ತು, ಸಂಸ್ಥೆಯ ಹೆಸರಿರಲಿಲ್ಲ.

ಆ ಡಾಕೆಟ್‌ಗಳ ಮೇಲೆ ಹೆಸರು ಇನಿಷಿಯಲ್ ಸಮೇತ ಚಿಕ್ಕದಾಗಿ, ಕೆಲವು ಕಡೆ ಬರೀ ‘ಸರ್’ ಎಂದಿತ್ತು. ಆದರೆ ಕೊರಿಯರಿನವರು ಫೋನ್ ನಂಬರ್ ಇಲ್ಲದೆ ಪಾರ್ಸೆಲ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಪ್ರತಿ ಡಾಕೆಟ್ಟಿನಲ್ಲೂ ಹತ್ತು ಅಂಕಿಯ ಒಂದು ಸಂಖ್ಯೆಯಿತ್ತು. ಕಾರ್ಖಾನೆಯ ಗೇಟಿನಲ್ಲಿ ಇನ್ನೊಂದು ಪುಸ್ತಕವಿದೆ. ಸರ್ಕಾರಿ ಸಂಸ್ಥೆಗೆ ಮಾಲು ರವಾನೆಯಾಗುವ ಮುಂಚೆ ಆ ಸಂಸ್ಥೆಯ ಎಂಜಿನಿಯರ್ ಬಂದು ತಪಾಸಣೆ ಮಾಡಿ ಸಹಿ ಹಾಕಬೇಕು. ಬಂದವರು ಗೇಟಿನಲ್ಲಿ ಹೆಸರು, ಸಂಸ್ಥೆ, ಫೋನ್ ನಂಬರ್ ಬರೆದೇ ಒಳಗೆ ಹೋಗಬೇಕು. ನನ್ನ ಸಹೋದ್ಯೋಗಿ ಆ ವರ್ಷದ ಗೇಟ್ ಪುಸ್ತಕಗಳನ್ನು ಮೂರು ದಿನ ಕೂತು ಟೈಪ್ ಮಾಡಿದರು. ಮಳೆಗಾಲದ ಪುಟಗಳಲ್ಲಿ ಶಾಯಿ ಹರಡಿ ಕೊನೆಯ ಅಂಕಿಗಳು ಓದಲಾಗದಂತಿದ್ದವು, ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಉಳಿದದ್ದನ್ನು ಹೋಲಿಸಿದಾಗ 31ರಲ್ಲಿ 17 ನಂಬರ್‌ಗಳು ತಾಳೆಯಾದವು. ಮನೆಗೆ ಡಬ್ಬಿ ಹೋದ ಆ 17 ಮಂದಿ ತಪಾಸಣೆಗೆ ಬಂದಿದ್ದ ಸರ್ಕಾರಿ ಸಂಸ್ಥೆಗಳ ಎಂಜಿನಿಯರ್‌ಗಳು. ಉಳಿದ 14 ಮನೆಗಳು ಯಾರವೆಂದು ನಮಗೆ ಕೊನೆಗೂ ತಿಳಿಯಲಿಲ್ಲ, ವರದಿಯಲ್ಲಿ ಹಾಗೆಂದೇ ಬರೆದೆವು.

ಮಾರಾಟ ವಿಭಾಗದ ಮುಖ್ಯಸ್ಥರ ವಾದ ಎರಡು ಮುಖದ್ದಾಗಿತ್ತು. ಡಬ್ಬಿಯ ಬೆಲೆ ಮಿತಿಯೊಳಗಿದೆ, ಹಬ್ಬಕ್ಕೆ ಸಿಹಿ ಹಂಚುವುದು ನಮ್ಮ ಸಂಪ್ರದಾಯ ಎಂಬುದು ಒಂದು. ಅವರು ಸರ್ಕಾರಿ ನೌಕರರೇ ಅಲ್ಲ, ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಸಂಸ್ಥೆಯ ನೌಕರರು ಎಂಬುದು ಇನ್ನೊಂದು. ಎರಡನೆಯದು ಕಾನೂನಿನಲ್ಲಿ ನಿಲ್ಲುವುದಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ‘ಸಾರ್ವಜನಿಕ ನೌಕರ’ ಎಂಬುದರ ವ್ಯಾಖ್ಯೆಯು ಸರ್ಕಾರಿ ಕಂಪನಿಯ ಮತ್ತು ಸರ್ಕಾರದ ಒಡೆತನ, ನಿಯಂತ್ರಣ ಅಥವಾ ನೆರವು ಇರುವ ಸಂಸ್ಥೆಗಳ ನೌಕರರನ್ನೂ ಒಳಗೊಳ್ಳುತ್ತದೆ. ಮೊದಲನೆಯದಕ್ಕೆ ಉತ್ತರ ನೀತಿಯಲ್ಲೇ ಇದೆ: ಸಾರ್ವಜನಿಕ ನೌಕರರ ವಿಷಯದಲ್ಲಿ 2,000 ರೂಪಾಯಿಯ ಮಿತಿ ಅನ್ವಯಿಸುವುದೇ ಇಲ್ಲ, ಅಲ್ಲಿ ಬೇಕಾದದ್ದು ಮುಂಚಿತ ಅನುಮತಿ. ಸಂಪ್ರದಾಯದ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ, ಏಕೆಂದರೆ ಅದು ನಿಜ. ಆದರೆ ಕಚೇರಿಗೆ ಎಲ್ಲರ ಎದುರು ಕಳಿಸಬಹುದಾದ ಡಬ್ಬಿಯನ್ನು ಸಂಸ್ಥೆಯ ಹೆಸರು ಕಾಣದಂತೆ ಮನೆಗೆ ಕಳಿಸುವುದು ಹಬ್ಬದ ಸಂಪ್ರದಾಯವಲ್ಲ.

ಇಲ್ಲೊಂದು ಕಡೆ ನಾನೇ ಬರೆದದ್ದನ್ನು ನಾನೇ ಹೊಡೆದುಹಾಕಬೇಕಾಯಿತು. ಕರಡು ವರದಿಯಲ್ಲಿ, 17 ಎಂಜಿನಿಯರ್‌ಗಳಲ್ಲಿ 9 ಮಂದಿ ಡಬ್ಬಿ ತಲುಪಿದ 30 ದಿನಗಳೊಳಗೆ ತಪಾಸಣಾ ವರದಿಗೆ ಸಹಿ ಹಾಕಿದ್ದಾರೆ ಎಂದು ಬರೆದಿದ್ದೆ. ಓದಿದವರಿಗೆ ಅದು ಕೊಟ್ಟು ತೆಗೆದುಕೊಂಡಂತೆ ಕಾಣುತ್ತಿತ್ತು. ಹಿಂದಿನ ಹನ್ನೆರಡು ತಿಂಗಳ ತಪಾಸಣೆಗಳನ್ನು ತೆಗೆದು ನೋಡಿದಾಗ ಆ 9 ಮಂದಿಯಲ್ಲಿ 6 ಮಂದಿ ಹೆಚ್ಚೂಕಡಿಮೆ ಪ್ರತಿ ತಿಂಗಳೂ ಬರುವವರೆಂದು ತಿಳಿಯಿತು. ಅವರಿಗೆ ಯಾವ ವಾರ ಡಬ್ಬಿ ಹೋಗಿದ್ದರೂ ಮುಂದಿನ 30 ದಿನಗಳಲ್ಲಿ ಒಂದು ಸಹಿ ಇದ್ದೇ ಇರುತ್ತಿತ್ತು. ಈ ಹೋಲಿಕೆಯನ್ನು ಮಾಡದೆ ದಿನಾಂಕಗಳ ಸಾಮೀಪ್ಯವನ್ನು ಸಾಕ್ಷ್ಯವೆಂದು ಬರೆಯುವುದು ಆ ಎಂಜಿನಿಯರ್‌ಗಳಿಗೆ ಮಾಡುವ ಅನ್ಯಾಯ. ಅಂತಿಮ ವರದಿಯಲ್ಲಿ ಅನುಮತಿಯಿಲ್ಲದೆ ಕೊಟ್ಟ 17 ಉಡುಗೊರೆಗಳು, ತಪ್ಪು ಲೆಡ್ಜರ್, ರಿಜಿಸ್ಟರಿನಲ್ಲಿ ನಮೂದಿಲ್ಲದಿರುವುದು, ಈ ಮೂರೇ ಉಳಿದವು. ಲಂಚವೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಪರಿಶೋಧಕರ ಕೆಲಸವಲ್ಲ. ಅದು ಕಾನೂನು ಸಲಹೆಗಾರರಿಗೂ ಅಗತ್ಯವಿದ್ದರೆ ತನಿಖಾ ಸಂಸ್ಥೆಗೂ ಬಿಟ್ಟದ್ದು.

ಆತಿಥ್ಯದ ವಿಷಯವನ್ನು ಒಂದು ಬಿಲ್ಲಿನ ಮೂಲಕವೇ ಹೇಳಬಹುದು. ಮಾರಾಟ ವ್ಯವಸ್ಥಾಪಕರೊಬ್ಬರು ರಾತ್ರಿ ಊಟದ 8,640 ರೂಪಾಯಿಯ ಖರ್ಚನ್ನು ಆರು ಮಂದಿಯ ಹೆಸರಿನಲ್ಲಿ ತೋರಿಸಿದ್ದರು. ತಲೆಗೆ 1,440 ಬೀಳುತ್ತದೆ, ಮಿತಿಯೊಳಗೇ ಇದೆ. ಆದರೆ ರೆಸ್ಟೊರೆಂಟಿನ ಯಂತ್ರ ಮುದ್ರಿಸುವ ಬಿಲ್ಲಿನ ತಲೆಯಲ್ಲಿ, ಟೇಬಲ್ ನಂಬರಿನ ಪಕ್ಕದಲ್ಲಿ, ಕೂತವರ ಸಂಖ್ಯೆಯೂ ಇರುತ್ತದೆ. ಅಲ್ಲಿ 3 ಎಂದಿತ್ತು. ಆಗ ತಲೆಗೆ 2,880. ಪಟ್ಟಿಯಲ್ಲಿದ್ದ ಕಂಪನಿಯ ಕಡೆಯ ನಾಲ್ವರಲ್ಲಿ ಒಬ್ಬರು ಆ ರಾತ್ರಿ ಕಾರ್ಖಾನೆಯ ಎರಡನೇ ಪಾಳಿಯಲ್ಲಿದ್ದರೆಂದು ಹಾಜರಾತಿ ಯಂತ್ರ ಹೇಳಿತು, ಇನ್ನೊಬ್ಬರು ರಜೆಯ ಮೇಲೆ ಊರಿಗೆ ಹೋಗಿದ್ದರು. ಬಿಲ್ಲಿನ ಮೇಲಿನ ಸಂಖ್ಯೆಯೊಂದೇ ಸಾಕ್ಷ್ಯವಾಗದು, ಏಕೆಂದರೆ ಬಡಿಸುವವರು ಅದನ್ನು ಸರಿಯಾಗಿ ತುಂಬದೆ ಇರಬಹುದು. ಹಾಜರಾತಿ ಮತ್ತು ರಜೆಯ ದಾಖಲೆ ಅದರ ಜೊತೆ ಸೇರಿದಾಗಲೇ ನಾವು ಅದನ್ನು ಬರೆದದ್ದು. ಆತಿಥ್ಯದ 60 ಬಿಲ್ಲುಗಳನ್ನು ಹೀಗೆ ನೋಡಿದಾಗ ಇಂಥವು 7 ಸಿಕ್ಕವು. ಏಳೂ ಇಬ್ಬರೇ ವ್ಯಕ್ತಿಗಳವು.

‘ಇಲ್ಲ’ ಎಂದ 209 ಮಂದಿ

ಹಿತಾಸಕ್ತಿ ಘೋಷಣೆಯನ್ನು ಪರೀಕ್ಷಿಸುವ ರೂಢಿಯ ವಿಧಾನವೆಂದರೆ ನೌಕರರ ಪಟ್ಟಿಯನ್ನೂ ಸರಬರಾಜುದಾರರ ಪಟ್ಟಿಯನ್ನೂ ಎದುರುಬದುರು ಇಟ್ಟು ಬ್ಯಾಂಕ್ ಖಾತೆ, ಫೋನ್, ವಿಳಾಸ, ಪ್ಯಾನ್ ತಾಳೆಯಾಗುತ್ತವೆಯೇ ಎಂದು ನೋಡುವುದು. ನೋಡಿದೆವು, ಒಂದೂ ತಾಳೆಯಾಗಲಿಲ್ಲ. ಸ್ವಲ್ಪ ತಿಳಿವಳಿಕೆ ಇರುವ ಯಾರೂ ತಮ್ಮ ಖಾತೆಗೇ ಹಣ ಹಾಕಿಸಿಕೊಳ್ಳುವುದಿಲ್ಲ. ಸಂಬಂಧಿಕರ ಹೆಸರು ಬೇಕು, ಅದು ಕಂಪನಿಯ ಬಳಿ ಒಂದೇ ಕಡೆ ಇರುತ್ತದೆ: ಭವಿಷ್ಯ ನಿಧಿ ಮತ್ತು ಗುಂಪು ವಿಮೆಯ ನಾಮನಿರ್ದೇಶನ ಪತ್ರದಲ್ಲಿ.

ಆ ಪತ್ರಗಳನ್ನು ನೌಕರರು ಬೇರೆ ಉದ್ದೇಶಕ್ಕೆ ಕೊಟ್ಟವರು. ಅವನ್ನು ಪರಿಶೋಧಕರು ಕೈಗೆ ತೆಗೆದುಕೊಂಡು ಓದುವುದು ಸರಿಯಲ್ಲವೆಂದು ನನಗನಿಸಿತು. ಲೆಕ್ಕಪರಿಶೋಧನಾ ಸಮಿತಿಯಿಂದ ಲಿಖಿತ ಒಪ್ಪಿಗೆ ಪಡೆದು, ಖರೀದಿ, ಉಗ್ರಾಣ ಮತ್ತು ಗುಣಮಟ್ಟ ವಿಭಾಗದವರ ಪತ್ರಗಳನ್ನಷ್ಟೇ ಮಾನವ ಸಂಪನ್ಮೂಲ ವಿಭಾಗದ ಒಬ್ಬರೇ ಅಧಿಕಾರಿ ಹೋಲಿಸಿ, ತಾಳೆಯಾದದ್ದನ್ನು ಮಾತ್ರ ನಮಗೆ ಕೊಡುವಂತೆ ಏರ್ಪಾಡು ಮಾಡಿದೆವು. ಇನ್ನೊಂದು ಬದಿಯ ಪಟ್ಟಿಯನ್ನು ನಾವು ತಯಾರಿಸಿದೆವು. ಜಿಎಸ್‌ಟಿ ಜಾಲತಾಣದಲ್ಲಿ ನೋಂದಣಿ ಸಂಖ್ಯೆಯನ್ನು ಹಾಕಿದರೆ ವ್ಯಾಪಾರದ ಹೆಸರಿನ ಜೊತೆಗೆ ಕಾನೂನುಬದ್ಧ ಹೆಸರೂ ಕಾಣುತ್ತದೆ. ಏಕಮಾಲೀಕತ್ವದ ಅಂಗಡಿಯಾದರೆ ಆ ಕಾನೂನುಬದ್ಧ ಹೆಸರು ಮಾಲೀಕರ ಸ್ವಂತ ಹೆಸರೇ. ಬಿಲ್ಲಿನ ಮೇಲೆ ‘ಎಂಟರ್‌ಪ್ರೈಸಸ್’ ಎಂದು ಎಷ್ಟೇ ದೊಡ್ಡದಾಗಿ ಬರೆದಿದ್ದರೂ ಅಲ್ಲಿ ಅದು ಮರೆಯಾಗುವುದಿಲ್ಲ.

ಒಂದು ಹೆಸರು ತಾಳೆಯಾಯಿತು. ಪ್ಯಾನೆಲ್‌ಗಳನ್ನು ತುಂಬುವ ಮರದ ಪೆಟ್ಟಿಗೆಗಳನ್ನು ವರ್ಷಕ್ಕೆ 38 ಲಕ್ಷ ರೂಪಾಯಿಯಷ್ಟು ಸರಬರಾಜು ಮಾಡುತ್ತಿದ್ದ ಅಂಗಡಿಯ ಮಾಲೀಕರು ಖರೀದಿ ವಿಭಾಗದ ಹಿರಿಯ ವ್ಯವಸ್ಥಾಪಕರ ಪತ್ನಿ. ಆ ವ್ಯವಸ್ಥಾಪಕರು ನಾಲ್ಕು ವರ್ಷ ‘ಇಲ್ಲ’ ಎಂದು ಸಹಿ ಹಾಕಿದ್ದರು. ಮಾನವ ಸಂಪನ್ಮೂಲ ಮುಖ್ಯಸ್ಥರ ಸಮ್ಮುಖದಲ್ಲಿ ಕೇಳಿದಾಗ ಅವರು ಅಲ್ಲಗಳೆಯಲಿಲ್ಲ. “ಅದು ನನ್ನ ಹೆಂಡತಿ ನಡೆಸೋ ವ್ಯವಹಾರ ಸಾರ್, ಅದರಲ್ಲಿ ನನ್ನ ಹಣ ಒಂದು ಪೈಸೆ ಇಲ್ಲ. ಫಾರಂನಲ್ಲಿ ನಿಮಗೆ ಯಾವುದಾದರೂ ಸರಬರಾಜುದಾರರಲ್ಲಿ ಹಣಕಾಸಿನ ಪಾಲು ಇದೆಯಾ ಅಂತ ಕೇಳಿದೆ. ನನಗಿಲ್ಲ, ಇಲ್ಲ ಅಂತ ಬರೆದೆ” ಎಂದರು. ಫಾರಂ ತೆಗೆದು ನೋಡಿದೆವು. ಪ್ರಶ್ನೆ ಇಂಗ್ಲಿಷಿನಲ್ಲಿ ನಿಜಕ್ಕೂ ಅಷ್ಟೇ ಇತ್ತು. ನೀತಿಯ ಪುಸ್ತಕದಲ್ಲಿ ‘ಸಂಬಂಧಿ’ ಎಂಬ ಮಾತಿತ್ತು, ಫಾರಂನಲ್ಲಿ ಇರಲಿಲ್ಲ.

ನೀತಿಯಲ್ಲಿದ್ದ ಆ ಪದವೂ ಸಾಲದು. ಅಲ್ಲಿ 2013ರ ಕಂಪನಿಗಳ ಕಾಯ್ದೆಯ ವ್ಯಾಖ್ಯೆಯನ್ನೇ ಎತ್ತಿಕೊಂಡಿದ್ದರು. ಅದರಲ್ಲಿ ಗಂಡ-ಹೆಂಡತಿ, ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು, ತಂದೆ-ತಾಯಿ, ಮಗ, ಸೊಸೆ, ಮಗಳು, ಅಳಿಯ, ಸಹೋದರ, ಸಹೋದರಿ ಬರುತ್ತಾರೆ. ಭಾವಮೈದುನ ಬರುವುದಿಲ್ಲ, ಷಡ್ಡಕ ಬರುವುದಿಲ್ಲ, ಸೋದರಮಾವ ಬರುವುದಿಲ್ಲ, ಬೀಗರು ಬರುವುದಿಲ್ಲ. ನಮ್ಮ ಊರುಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಅಂಗಡಿ ಹಾಕಿಕೊಡುವುದು, ಸಾಲಕ್ಕೆ ಜಾಮೀನು ನಿಲ್ಲುವುದು ಹೆಚ್ಚಾಗಿ ಈ ಸಂಬಂಧಗಳಲ್ಲೇ. ಹೊಸ ಫಾರಂನಲ್ಲಿ ಈ ಸಂಬಂಧಗಳನ್ನು ಒಂದೊಂದಾಗಿ ಹೆಸರಿಸಿ ಕನ್ನಡದಲ್ಲಿ ಕೇಳಬೇಕೆಂದು ಶಿಫಾರಸು ಮಾಡಿದೆವು.

ಪೆಟ್ಟಿಗೆಗಳ ದರ ಹೆಚ್ಚಿರಬೇಕೆಂದು ಎಲ್ಲರೂ ಊಹಿಸಿದ್ದರು, ನಾವೂ ಹಾಗೆಯೇ ಎಣಿಸಿದ್ದೆವು. ಹೊರಗಿನ ಇಬ್ಬರು ಪೆಟ್ಟಿಗೆ ತಯಾರಕರಿಂದ ಅದೇ ಅಳತೆಗೆ, ಅದೇ ಮರಕ್ಕೆ ದರ ತರಿಸಿ ನೋಡಿದಾಗ ವ್ಯತ್ಯಾಸ ಹೇಳಿಕೊಳ್ಳುವಷ್ಟಿರಲಿಲ್ಲ. ಪಕ್ಷಪಾತ ಬೇರೆ ಕಡೆ ಇತ್ತು. ಆ ಅಂಗಡಿಗೆ ಬಿಲ್ಲು ಕೊಟ್ಟ ದಿನದಿಂದ ಸರಾಸರಿ 19 ದಿನಕ್ಕೆ ಹಣ ಬರುತ್ತಿತ್ತು, ಪ್ಯಾಕಿಂಗ್ ಸಾಮಗ್ರಿಯ ಉಳಿದ ನಾಲ್ವರು ಸಣ್ಣ ಸರಬರಾಜುದಾರರಿಗೆ 58 ದಿನ. ಬಿಲ್ಲನ್ನು ಪಾವತಿಗೆ ಶಿಫಾರಸು ಮಾಡುವ ಸಹಿ ಆ ಹಿರಿಯ ವ್ಯವಸ್ಥಾಪಕರದೇ. ಸಣ್ಣ ಉದ್ಯಮ ನಡೆಸುವವರಿಗೆ ದರದ ಐದು ರೂಪಾಯಿಗಿಂತ ಹಣ ಕೈಸೇರುವ ದಿನ ದೊಡ್ಡದು, ಕೆಲವರು ಅದಕ್ಕಾಗಿ ಬಡ್ಡಿಗೆ ತಂದು ಕಾರ್ಖಾನೆ ನಡೆಸುತ್ತಾರೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅಂಥವರಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ಆ ನಾಲ್ವರ ವಿಷಯದಲ್ಲಿ ಕಂಪನಿ ಅದನ್ನೂ ಮೀರುತ್ತಿತ್ತು. ದರದ ಪಟ್ಟಿಯನ್ನಷ್ಟೇ ನೋಡಿ ‘ನಷ್ಟವಿಲ್ಲ’ ಎಂದು ಕಡತ ಮುಚ್ಚಿದ್ದರೆ ಇದು ಕಾಣುತ್ತಿರಲಿಲ್ಲ.

‘ಹೌದು’ ಎಂದ ಮೂವರು

ಇಡೀ ಪರಿಶೋಧನೆಯಲ್ಲಿ ನನಗೆ ಹೆಚ್ಚು ನೋವು ತಂದದ್ದು 209ರಲ್ಲಿ ಮುಚ್ಚಿಟ್ಟ ಒಬ್ಬರಲ್ಲ, ತೆರೆದಿಟ್ಟ ಮೂವರು. ಗುಣಮಟ್ಟ ವಿಭಾಗದ ಒಬ್ಬ ಎಂಜಿನಿಯರ್ 2023ರ ಏಪ್ರಿಲ್‌ನಲ್ಲಿ, ತನ್ನ ತಮ್ಮ ತಾಮ್ರದ ಬಸ್‌ಬಾರ್ ಸರಬರಾಜು ಮಾಡುವ ಒಂದು ಕಂಪನಿಯಲ್ಲಿ ಮಾರಾಟ ಅಧಿಕಾರಿಯಾಗಿ ಸೇರಿದ್ದಾನೆಂದು ಸ್ಪಷ್ಟವಾಗಿ ಬರೆದುಕೊಟ್ಟಿದ್ದರು. ಆ ಫಾರಂನ ಕೆಳಗೆ ‘ಕಂಪ್ಲಯನ್ಸ್ ಅಧಿಕಾರಿಯ ನಿರ್ಧಾರ’ ಎಂಬ ಚೌಕ ಖಾಲಿ ಇತ್ತು. ಮುಂದಿನ ಹನ್ನೊಂದು ತಿಂಗಳು ಅದೇ ಕಂಪನಿಯಿಂದ ಬಂದ ಮಾಲಿನ ಪ್ರತಿ ಲಾಟನ್ನೂ ಅವರೇ ಪರೀಕ್ಷಿಸಿ ಸಹಿ ಹಾಕಿದ್ದರು. “ನಾನು ಬರೆದುಕೊಟ್ಟೆ ಸಾರ್. ಯಾರೂ ಏನೂ ಹೇಳಲಿಲ್ಲ. ಹೇಳಿಲ್ಲ ಅಂದ ಮೇಲೆ ಪರವಾಗಿಲ್ಲವೇನೋ ಅಂದುಕೊಂಡೆ” ಎಂದರು. ಆ ಲಾಟ್‌ಗಳಲ್ಲಿ ಆರನ್ನು ಬೇರೊಬ್ಬ ಎಂಜಿನಿಯರಿಂದ ಮತ್ತೆ ಪರೀಕ್ಷೆ ಮಾಡಿಸಿದೆವು; ಎಲ್ಲವೂ ಸರಿಯಿದ್ದವು. ಅವರು ಏನೂ ತಪ್ಪು ಮಾಡಿರಲಿಲ್ಲ. ಆದರೆ ಒಂದು ಲಾಟ್ ಕೆಟ್ಟಿದ್ದರೂ ಅವರ ಪ್ರಾಮಾಣಿಕ ಘೋಷಣೆಯೇ ಅವರ ವಿರುದ್ಧದ ಮೊದಲ ಕಾಗದವಾಗುತ್ತಿತ್ತು. ಉಳಿದ ಇಬ್ಬರ ಫಾರಂಗಳಲ್ಲೂ ಆ ಚೌಕ ಖಾಲಿಯೇ.

ಈ ಖಾಲಿ ಚೌಕವನ್ನು ಸಮಿತಿಗೆ ವಿವರಿಸುವಾಗ ನಾನು ಬಿಎಚ್‌ಪಿ ಬಿಲಿಟನ್ ಗಣಿ ಕಂಪನಿಯ ಪ್ರಕರಣವನ್ನು ಮುಂದಿಟ್ಟೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಆ ಕಂಪನಿಯು ಸರ್ಕಾರಿ ಅಧಿಕಾರಿಗಳೂ ಸರ್ಕಾರಿ ಸ್ವಾಮ್ಯದ ಸಂಸ್ಥೆಗಳ ನೌಕರರೂ ಸೇರಿ 176 ಮಂದಿಯನ್ನು ತನ್ನ ಖರ್ಚಿನಲ್ಲಿ ಆಹ್ವಾನಿಸಿ, ಕೊನೆಗೆ 60 ಮಂದಿಯ ವೆಚ್ಚ ಭರಿಸಿತು. ಒಬ್ಬೊಬ್ಬರ ಪ್ಯಾಕೇಜಿನ ಬೆಲೆ 12,000ದಿಂದ 16,000 ಡಾಲರ್. ಆಹ್ವಾನಕ್ಕೆ ಮುಂಚೆ ತುಂಬಬೇಕಾದ ಅರ್ಜಿ ಇತ್ತು, ಅತಿಥಿಯೊಡನೆ ಕಂಪನಿಗೆ ಯಾವ ಮಾತುಕತೆ ನಡೆಯುತ್ತಿದೆ ಎಂಬ ಪ್ರಶ್ನೆಯೂ ಅದರಲ್ಲಿತ್ತು. ಆ ಅರ್ಜಿಗಳನ್ನು ವ್ಯವಹಾರ ವಿಭಾಗದ ಹೊರಗಿನವರು ಪರಿಶೀಲಿಸುವ ವ್ಯವಸ್ಥೆ ಇರಲಿಲ್ಲ, ಹಲವು ಉತ್ತರಗಳು ತಪ್ಪಾಗಿಯೋ ಅಪೂರ್ಣವಾಗಿಯೋ ಇದ್ದವು. 2015ರ ಮೇ ತಿಂಗಳಲ್ಲಿ ಅಮೆರಿಕದ ಷೇರು ವಿನಿಮಯ ಆಯೋಗಕ್ಕೆ ಕಂಪನಿ 2.5 ಕೋಟಿ ಡಾಲರ್ ದಂಡ ತೆತ್ತಿತು. ಲಂಚ ಕೊಟ್ಟರೆಂಬ ಆರೋಪ ಅಲ್ಲಿರಲಿಲ್ಲ. ಇದ್ದದ್ದು ಆಂತರಿಕ ನಿಯಂತ್ರಣಗಳೂ ಲೆಕ್ಕದ ಪುಸ್ತಕಗಳೂ ಸರಿಯಾಗಿರಲಿಲ್ಲವೆಂಬ ಆರೋಪ.

ನಮ್ಮ ದೇಶದ ಕಾನೂನಿನಲ್ಲೂ ಈ ಚೌಕಕ್ಕೆ ಬೆಲೆಯಿದೆ. 2018ರ ಜುಲೈನಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯ 9ನೇ ಕಲಮಿನಡಿ ವ್ಯಾಪಾರ ಸಂಸ್ಥೆಯೇ ಆರೋಪಿಯಾಗಬಹುದು, 10ನೇ ಕಲಮಿನಡಿ ಸಮ್ಮತಿ ಅಥವಾ ಶಾಮೀಲು ಸಾಬೀತಾದರೆ ನಿರ್ದೇಶಕರಿಗೂ ಅಧಿಕಾರಿಗಳಿಗೂ ಮೂರರಿಂದ ಏಳು ವರ್ಷ ಸೆರೆವಾಸವಾಗಬಹುದು. ಸಂಸ್ಥೆಗಿರುವ ರಕ್ಷಣೆಯೆಂದರೆ ಸಾಕಷ್ಟು ತಡೆ ವಿಧಾನಗಳು ತನ್ನಲ್ಲಿದ್ದವೆಂದು ತೋರಿಸುವುದು. ಯಾರೂ ಓದದ 212 ಫಾರಂಗಳನ್ನು ಆ ರಕ್ಷಣೆಯಾಗಿ ಮುಂದಿಟ್ಟರೆ, ಖಾಲಿ ಚೌಕಗಳಿರುವ ಮೂರು ಫಾರಂಗಳನ್ನೂ ಜೊತೆಗೇ ಮುಂದಿಡಬೇಕಾಗುತ್ತದೆ.

ವರದಿಯ ನಂತರ

ಶಿಫಾರಸುಗಳು ಬಹಳವಿರಲಿಲ್ಲ. ಉಡುಗೊರೆ ವಸ್ತುವಿನ ಬಿಲ್ಲನ್ನು ಸ್ವೀಕರಿಸುವವರ ಹೆಸರಿನ ಪಟ್ಟಿಯಿಲ್ಲದೆ ಯಾವ ಲೆಡ್ಜರಿಗೂ ಏರಿಸಬಾರದು. ಜಿಎಸ್‌ಟಿ ಹಾಳೆಯಲ್ಲಿ ಹಿಂದಿರುಗಿಸಿದ ಉಡುಗೊರೆಯ ಮೊತ್ತವನ್ನು ಹಣಕಾಸು ವಿಭಾಗವು ಪ್ರತಿ ತಿಂಗಳೂ ಉಡುಗೊರೆ ರಿಜಿಸ್ಟರಿನೊಂದಿಗೆ ತಾಳೆ ನೋಡಬೇಕು. ‘ಹೌದು’ ಎಂದು ಬಂದ ಪ್ರತಿ ಘೋಷಣೆಗೂ ಹತ್ತು ಕೆಲಸದ ದಿನಗಳೊಳಗೆ ಲಿಖಿತ ನಿರ್ಧಾರ ಕೊಡಬೇಕು, ಅದರ ಪ್ರತಿಯನ್ನು ನೌಕರರ ಮೇಲಧಿಕಾರಿಗೂ ಕಳಿಸಬೇಕು, ಏಕೆಂದರೆ ‘ಈ ಸರಬರಾಜುದಾರರ ಕೆಲಸದಿಂದ ದೂರವಿರಿ’ ಎಂಬ ನಿರ್ಧಾರವನ್ನು ದಿನನಿತ್ಯ ಜಾರಿ ಮಾಡಬೇಕಾದವರು ಅವರೇ. ಸಮಿತಿ ಇವನ್ನೆಲ್ಲ ಒಪ್ಪಿತು. ಹಿರಿಯ ವ್ಯವಸ್ಥಾಪಕರನ್ನು ಖರೀದಿಯಿಂದ ಬೇರೆ ವಿಭಾಗಕ್ಕೆ ಕಳಿಸಿದರು. ಫಾರಂನ ದೋಷವನ್ನು ಪರಿಗಣಿಸಿ ಕೆಲಸದಿಂದ ತೆಗೆಯಲಿಲ್ಲ. ಊಟದ ಬಿಲ್ಲುಗಳಲ್ಲಿ ಸುಳ್ಳು ಹೆಸರು ಬರೆದ ಇಬ್ಬರ ಮೇಲೆ ಶಿಸ್ತುಕ್ರಮ ಜರುಗಿತು. ನನ್ನ ದೃಷ್ಟಿಯಲ್ಲಿ ಎರಡೂ ನ್ಯಾಯವೇ.

2025ರ ಜನವರಿಯಲ್ಲಿ ಮತ್ತೆ ಹೋದಾಗ ರಿಜಿಸ್ಟರಿನಲ್ಲಿ ಒಂಬತ್ತೇ ತಿಂಗಳಿಗೆ 187 ನಮೂದುಗಳಿದ್ದವು. ಕನ್ನಡದ ಹೊಸ ಫಾರಂ ಸೆಪ್ಟೆಂಬರಿನಲ್ಲಿ ಹಂಚಿದ ಮೇಲೆ ‘ಹೌದು’ ಎಂದವರು ಮೂವರಿಂದ 26ಕ್ಕೆ ಏರಿದ್ದರು, ಅವರಲ್ಲಿ ನಾಲ್ವರು ಬರೆದದ್ದು ಷಡ್ಡಕರ ವಿಷಯ. ಒಬ್ಬ ನಿರ್ದೇಶಕರು ಪರಿಸ್ಥಿತಿ ಹದಗೆಟ್ಟಿತೆಂದು ಗಾಬರಿಯಾಗಿದ್ದರು. ನಮೂದುಗಳ ನಡುವೆ ಹಿಂದಿರುಗಿಸಿದ ಉಡುಗೊರೆಗಳು ಹನ್ನೊಂದು ಇರುವುದನ್ನು ಅವರಿಗೆ ತೋರಿಸಿದೆ. ಅವುಗಳಲ್ಲೊಂದು ಉಗ್ರಾಣದ ಸಹಾಯಕರೊಬ್ಬರು ತಮ್ಮ ಕೈಬರಹದಲ್ಲಿ ಬರೆದದ್ದು: ಒಂದು ಬುಟ್ಟಿ ಮಾವಿನ ಹಣ್ಣು, ಲಾರಿಯಲ್ಲೇ ವಾಪಸು, ಚಾಲಕರ ಸಹಿ ಇದೆ.

2024ರ ದೀಪಾವಳಿಗೆ ಕಂಪನಿಯಿಂದ ಸರ್ಕಾರಿ ಎಂಜಿನಿಯರ್‌ಗಳ ಮನೆಗೆ ಡಬ್ಬಿ ಹೋದ ಯಾವ ಡಾಕೆಟ್ಟೂ ಸಿಗಲಿಲ್ಲ. ಆದರೆ ಉತ್ತರ ಕರ್ನಾಟಕದ ಒಬ್ಬ ವಿತರಕರು ಡಿಸೆಂಬರಿನಲ್ಲಿ ಕಳಿಸಿದ ಮಾರಾಟ ಪ್ರೋತ್ಸಾಹ ಖರ್ಚಿನ ಕ್ಲೇಮಿಗೆ 60 ಒಣಹಣ್ಣಿನ ಡಬ್ಬಿಗಳ ಬಿಲ್ಲು ಲಗತ್ತಾಗಿತ್ತು, ಕಂಪನಿ ಅದನ್ನು ಪೂರ್ತಿ ಪಾವತಿಸಿತ್ತು. 9ನೇ ಕಲಮು ಸಂಸ್ಥೆಯ ಪರವಾಗಿ ಕೆಲಸ ಮಾಡುವವರನ್ನೂ ಅದರ ವ್ಯಾಪ್ತಿಗೆ ತರುತ್ತದೆ, ಕಂಪನಿಯ ನೀತಿ ಮಾತ್ರ ವಿತರಕರ ಬಗ್ಗೆ ಏನನ್ನೂ ಹೇಳುವುದಿಲ್ಲ. ಸ್ವೀಕರಿಸಿದವರ ಪಟ್ಟಿಯನ್ನು ವಿತರಕರಿಂದ ಕೇಳಿ ಪತ್ರ ಬರೆದಿದ್ದೇವೆ, ಹಿಂದಿನ ಮೂರು ವರ್ಷಗಳ ಎಲ್ಲ ವಿತರಕರ ಕ್ಲೇಮುಗಳನ್ನೂ ತೆಗೆಸಿಡಲು ಹಣಕಾಸು ವಿಭಾಗಕ್ಕೆ ಹೇಳಿದ್ದೇವೆ.